ಡಿಸ್ಕ್ ತುಂಬುವ ಮೊದಲೇ ಲೆಕ್ಕ ಹಾಕು

ತಮ್ಮಾ, ಮದುವೆ ವಿಡಿಯೊ ಎಡಿಟಿಂಗನ್ನೇ ಕಸುಬು ಮಾಡಿಕೊಳ್ಳಲು ಹೊರಟಿದ್ದೀಯೆ. ಶಾಟ್ ಆರಿಸುವುದು, ಬಣ್ಣ ಹೊಂದಿಸುವುದು, ನಾದಸ್ವರದ ಏರಿಳಿತಕ್ಕೆ ಕಟ್ ಕೂಡಿಸುವುದು ನಿನಗೆ ಚೆನ್ನಾಗಿ ಒಲಿದಿದೆ. ಆದರೆ ನಿನ್ನ ಲ್ಯಾಪ್‌ಟಾಪಿನ ಡಿಸ್ಕ್ ಸದಾ ತುಂಬಿ ತುಳುಕುತ್ತಿರುತ್ತದೆ. ಜಾಗ ಸಾಲದಾದಾಗ ಕಣ್ಣಿಗೆ ಬಿದ್ದ ಫೋಲ್ಡರನ್ನು ಅಳಿಸಿ ಮುಂದೆ ಹೋಗುತ್ತೀಯೆ. ಈ ಅಭ್ಯಾಸ ಬೇರೂರುವ ಮೊದಲೇ ಕೆಲವು ಮಾತು ಹೇಳುತ್ತೇನೆ. ನೀನು ಬಳಸುವುದು ಪ್ರೀಮಿಯರ್ ಪ್ರೊ ಆದ್ದರಿಂದ ಅದರ ಲೆಕ್ಕದಲ್ಲೇ ಹೇಳುತ್ತೇನೆ.

ಒಂದು ಪ್ರಾಜೆಕ್ಟ್ ತೆರೆದರೆ ಡಿಸ್ಕಿನಲ್ಲಿ ಎರಡು ಜಾತಿಯ ಫೈಲುಗಳು ಇರುತ್ತವೆ. ಮೊದಲನೆಯದು, ಕಳೆದುಕೊಂಡರೆ ಮತ್ತೆ ಸಿಗದ ಜಾತಿ: ಕ್ಯಾಮೆರಾದಿಂದ ಬಂದ ಮೂಲ ದೃಶ್ಯಗಳು, ಪ್ರತ್ಯೇಕವಾಗಿ ರೆಕಾರ್ಡ್ ಮಾಡಿದ ಧ್ವನಿ, `.prproj` ಎಂಬ ಪ್ರಾಜೆಕ್ಟ್ ಫೈಲು ಮತ್ತು ಅದರ ಪಕ್ಕದಲ್ಲಿ ಕೂತಿರುವ `Adobe Premiere Pro Auto-Save` ಫೋಲ್ಡರು. ಎರಡನೆಯದು, ಮೂಲ ಇದ್ದರೆ ಮತ್ತೆ ಮಾಡಿಕೊಳ್ಳಬಹುದಾದ ಜಾತಿ: ಮೀಡಿಯಾ ಕ್ಯಾಶ್, ಪ್ರಿವ್ಯೂ ಫೈಲು, ಪ್ರಾಕ್ಸಿ. ಜಾಗ ಬೇಕೆಂದಾಗ ನಿನ್ನ ಕೈ ಎರಡನೆಯ ಜಾತಿಯ ಕಡೆಗೆ ಮಾತ್ರ ಹೋಗಬೇಕು. ಆಟೊ ಸೇವ್ ಫೋಲ್ಡರಿನ ಹೆಸರು ನೋಡಿ ಅದೂ ಕ್ಯಾಶ್ ಇರಬೇಕೆಂದು ಅಳಿಸುವವರಿದ್ದಾರೆ. ಪ್ರಾಜೆಕ್ಟ್ ಫೈಲು ಕೆಟ್ಟ ದಿನ ನಿನ್ನನ್ನು ಕಾಪಾಡುವುದು ಅದೊಂದೇ, ಅದನ್ನು ಮುಟ್ಟಬೇಡ.

ಈಗ ಎರಡನೆಯ ಜಾತಿಯ ಒಂದೊಂದನ್ನೂ ಗುರುತು ಹಿಡಿ. ದೃಶ್ಯಗಳನ್ನು ಇಂಪೋರ್ಟ್ ಮಾಡಿದ ಕೂಡಲೇ ಕೆಳಗೆ ಒಂದು ಪಟ್ಟಿ ಓಡುವುದನ್ನು ನೋಡಿರುತ್ತೀಯೆ. ಆಗ ತಯಾರಾಗುವುದು `.cfa` ಮತ್ತು `.pek` ಫೈಲುಗಳು. ಎರಡನೆಯದು ಧ್ವನಿಯ ಅಲೆಯ ಚಿತ್ರ ತೋರಿಸಲು ಬೇಕಾದ ಚಿಕ್ಕ ಫೈಲು. ಜಾಗ ತಿನ್ನುವುದು ಮೊದಲನೆಯದು. ನಿನ್ನ ಕ್ಯಾಮೆರಾ ಧ್ವನಿಯನ್ನು AAC ರೂಪದಲ್ಲಿ ಕುಗ್ಗಿಸಿ ಬರೆದಿದ್ದರೆ, ಪ್ರೀಮಿಯರ್ ಅದನ್ನು ಬಿಡಿಸಿ ದೊಡ್ಡ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಸೆಕೆಂಡಿಗೆ 48,000 ಮಾದರಿ, ಒಂದೊಂದಕ್ಕೆ 4 ಬೈಟ್, ಎರಡು ಚಾನೆಲ್. ಗುಣಿಸಿದರೆ ಗಂಟೆಗೆ ಸುಮಾರು 1.4 ಜಿಬಿ. ಇದೆಲ್ಲ ವಿಂಡೋಸಿನಲ್ಲಿ ನಿನಗೆ ಗೊತ್ತಿಲ್ಲದೆಯೇ C ಡ್ರೈವಿಗೆ ಹೋಗಿ ಕೂರುತ್ತದೆ:

```
C:\Users\<ಹೆಸರು>\AppData\Roaming\Adobe\Common\Media Cache Files
```

ಈ ಫೋಲ್ಡರ್ ಸಾಮಾನ್ಯವಾಗಿ ಮರೆಯಾಗಿರುತ್ತದೆ. ಅದಕ್ಕೇ ಹೋದ ವರ್ಷದ ಮದುವೆಗಳ ಧ್ವನಿ ಇನ್ನೂ ಅಲ್ಲೇ ಉಳಿದಿದ್ದರೂ ನಿನ್ನ ಗಮನಕ್ಕೆ ಬಂದಿರುವುದಿಲ್ಲ.

ಪ್ರಿವ್ಯೂ ಫೈಲು ಹುಟ್ಟುವುದು ನೀನು ಎಂಟರ್ ಒತ್ತಿ ಟೈಮ್‌ಲೈನ್ ರೆಂಡರ್ ಮಾಡಿದಾಗ. ಇಲ್ಲಿ ಬಹಳ ಜನ ಎಡವುತ್ತಾರೆ. ನಿನ್ನ ಕ್ಯಾಮೆರಾ 4ಕೆ ದೃಶ್ಯವನ್ನು ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಬರೆದರೆ ಗಂಟೆಗೆ 45 ಜಿಬಿ ಆಗುತ್ತದೆ. ಅದೇ ದೃಶ್ಯದ ಪ್ರಿವ್ಯೂವನ್ನು ಪ್ರೊರೆಸ್ 422 ರೂಪದಲ್ಲಿ, 4ಕೆ ಅಳತೆಯಲ್ಲೇ, 25 ಫ್ರೇಮಿನಲ್ಲಿ ಮಾಡಿದರೆ ಗಂಟೆಗೆ ಸುಮಾರು 220 ಜಿಬಿ. ಅಂದರೆ ನೋಡಿಕೊಳ್ಳಲು ಮಾಡಿಕೊಂಡ ತಾತ್ಕಾಲಿಕ ಪ್ರತಿ ಮೂಲದ ಸುಮಾರು ಐದು ಪಟ್ಟು. `Sequence Settings` ಒಳಗೆ ಪ್ರಿವ್ಯೂ ಅಳತೆಯನ್ನು 1920×1080ಕ್ಕೆ ಇಳಿಸಿದರೆ ಅದು ಗಂಟೆಗೆ ಸುಮಾರು 55 ಜಿಬಿಗೆ ಬರುತ್ತದೆ. ಕೊನೆಯ ಎಕ್ಸ್‌ಪೋರ್ಟನ್ನು ಪ್ರಿವ್ಯೂ ಬಳಸದೆ ಮೂಲದಿಂದಲೇ ಮಾಡಿದರೆ ಗುಣಮಟ್ಟಕ್ಕೆ ಇದರಿಂದ ಏನೂ ಆಗುವುದಿಲ್ಲ. ಆ ಅಳತೆ ಬದಲಿಸಿದರೆ ಆಗಲೇ ಮಾಡಿಟ್ಟ ಪ್ರಿವ್ಯೂಗಳು ಅಳಿಸಿಹೋಗುತ್ತವೆ. ಆದ್ದರಿಂದ ಕೆಲಸ ಶುರು ಮಾಡುವಾಗಲೇ ಬದಲಿಸಿಬಿಡು.

ಪ್ರಾಕ್ಸಿಯೂ ಹಾಗೆಯೇ. ಪ್ರೊರೆಸ್ ಪ್ರಾಕ್ಸಿಯನ್ನು 1080 ಅಳತೆಯಲ್ಲಿ ಮಾಡಿದರೆ ಗಂಟೆಗೆ ಸುಮಾರು 17 ಜಿಬಿ. H.264 ರೂಪದಲ್ಲಿ ಸೆಕೆಂಡಿಗೆ 5 ಮೆಗಾಬಿಟ್ ಇಟ್ಟರೆ 2.25 ಜಿಬಿ. ಮೊದಲನೆಯದು ಹಳೆಯ ಪ್ರೊಸೆಸರಿನಲ್ಲೂ ಸಲೀಸಾಗಿ ಓಡುತ್ತದೆ. ಎರಡನೆಯದು ಜಾಗ ಉಳಿಸುತ್ತದೆ, ಆದರೆ ಬಿಡಿಸಿ ತೋರಿಸುವ ಶ್ರಮ ಪ್ರೊಸೆಸರಿಗೆ ಬೀಳುತ್ತದೆ. ಡಿಸ್ಕ್ ತುಂಬಿರುವವನಿಗೆ ಎರಡನೆಯದೇ ದಾರಿ.

ಈಗ ಒಂದು ಮದುವೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸಂಜೆಯ ಆರತಕ್ಷತೆ, ಮರುದಿನ ಬೆಳಗಿನ ಮುಹೂರ್ತ, ಎರಡು ಕ್ಯಾಮೆರಾ, ಒಟ್ಟು 8 ಗಂಟೆಯ ದೃಶ್ಯ. ಮೂಲವೇ 360 ಜಿಬಿ. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿದ ಮೇಲೆ 60 ಜಿಬಿ ಖಾಲಿ ಉಳಿಯಿತು ಅನ್ನು. ಆ 60ರಲ್ಲಿ 20ನ್ನು ಇಲ್ಲವೇ ಇಲ್ಲ ಎಂದು ತಿಳಿ. ಕಾರಣ ಆಮೇಲೆ ಹೇಳುತ್ತೇನೆ. ಉಳಿದದ್ದು 40. ಧ್ವನಿಯ ಕ್ಯಾಶ್‌ಗೆ 11 ಹೋಯಿತು, H.264 ಪ್ರಾಕ್ಸಿಗೆ 18 ಹೋಯಿತು, ಇನ್ನುಳಿದದ್ದು 11. 1080 ಅಳತೆಯ ಪ್ರಿವ್ಯೂ 10 ನಿಮಿಷದಷ್ಟು ಮಾಡಿಕೊಂಡರೆ 9 ಜಿಬಿ ಮುಗಿಯಿತು. ಅಲ್ಲಿಗೆ ಕೈ ಬರಿದು, ಎಕ್ಸ್‌ಪೋರ್ಟ್ ಇನ್ನೂ ಬಾಕಿ ಇದೆ. ಎರಡು ಗಂಟೆಯ ಪೂರ್ಣ ವಿಡಿಯೊ ಸೆಕೆಂಡಿಗೆ 20 ಮೆಗಾಬಿಟ್‌ನಲ್ಲಿ 18 ಜಿಬಿ ಆಗುತ್ತದೆ. ಅದೂ ಸಾಲದು: ಪ್ರೀಮಿಯರ್ ಹಲವು ಸಲ ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆ ತಾತ್ಕಾಲಿಕ ಫೈಲುಗಳಾಗಿ ಬರೆದು, ಕೊನೆಯಲ್ಲಿ ಒಂದಾಗಿ ಸೇರಿಸುತ್ತದೆ. ಸೇರಿಸುವ ಹೊತ್ತಿಗೆ ಹತ್ತಿರ ಹತ್ತಿರ ಎರಡರಷ್ಟು, ಅಂದರೆ 36 ಜಿಬಿ ಬೇಕು. ಇದು ಈ ಡಿಸ್ಕಿನಲ್ಲಿ ಆಗದ ಮಾತು ಎಂಬುದು ಇಂಪೋರ್ಟ್ ಮಾಡುವ ದಿನವೇ ಗೊತ್ತಾಗಬೇಕು. ಗೊತ್ತಾಗದಿದ್ದರೆ, ವಿಡಿಯೊ ಕೊಡುವ ಹಿಂದಿನ ರಾತ್ರಿ ಶೇಕಡಾ ತೊಂಬತ್ತು ಮುಗಿದ ಎಕ್ಸ್‌ಪೋರ್ಟ್ `Error compiling movie` ಎಂದು ನಿಲ್ಲುತ್ತದೆ. ಅರ್ಧ ಬರೆದ MP4 ಅನ್ನು ತೆರೆದು ನೋಡಿಯೂ ಪ್ರಯೋಜನವಿಲ್ಲ. ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುವುದರಿಂದ ಅಂಥ ಫೈಲು ಓಡುವುದೇ ಇಲ್ಲ.

ಇಲ್ಲಿ ನೀನು ಮಾಡುವ ತಪ್ಪು ಯಾವುದು ಗೊತ್ತೇ? ಈಗ ಎಡಿಟ್ ಮಾಡುತ್ತಿರುವ ಮದುವೆಯ ಕ್ಯಾಶನ್ನೇ ಅಳಿಸುತ್ತೀಯೆ. 11 ಜಿಬಿ ಖಾಲಿಯಾಯಿತೆಂದು ಸಮಾಧಾನ. ಪ್ರಾಜೆಕ್ಟ್ ಮತ್ತೆ ತೆರೆದ ಕೂಡಲೇ ಪ್ರೀಮಿಯರ್ ಅದೇ 11 ಜಿಬಿಯನ್ನು ಮತ್ತೆ ಬರೆಯತೊಡಗುತ್ತದೆ, ಅಷ್ಟು ಹೊತ್ತು ನೀನು ಕಾಯುತ್ತಾ ಕೂರಬೇಕು. ಜಾಗ ನಿಜವಾಗಿ ಸಿಗುವುದು ಮುಗಿದ ಕೆಲಸಗಳಿಂದ ಮಾತ್ರ. ಮತ್ತೆ ಹುಟ್ಟುವ ಫೈಲಿಗೂ ಹುಟ್ಟಲು ಜಾಗ ಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೋ.

ಹಾಗಾದರೆ ಕ್ರಮ ಹೀಗಿರಲಿ. ಮೊದಲು ವಿಂಡೋಸಿನ `Settings`, `System`, `Storage` ತೆರೆದು ಯಾವುದು ಎಷ್ಟು ತಿಂದಿದೆ ನೋಡು. ಕೊಟ್ಟು ಮುಗಿಸಿದ ಮದುವೆಗಳ ಪ್ರಾಜೆಕ್ಟನ್ನು ಒಂದೊಂದಾಗಿ ತೆರೆದು, `Sequence` ಮೆನುವಿನಲ್ಲಿ `Delete Render Files` ಆರಿಸು, ಪ್ರಿವ್ಯೂಗಳು ಹೋಗುತ್ತವೆ. ಆ ಮದುವೆಗಳ ಪ್ರಾಕ್ಸಿ ಫೋಲ್ಡರನ್ನೂ ಅಳಿಸಬಹುದು, ಆದರೆ ಮೂಲ ದೃಶ್ಯಗಳು ಬೇರೆ ಕಡೆ ಭದ್ರವಾಗಿವೆ ಎಂದು ಖಾತ್ರಿಯಾದ ಮೇಲೆ. ಮೂಲ ಹೋಗಿ ಪ್ರಾಕ್ಸಿ ಮಾತ್ರ ಉಳಿದಿದ್ದರೆ, ಆ ಮದುವೆಯಿಂದ ನಿನ್ನಲ್ಲಿ ಉಳಿದಿರುವುದು ಅದೊಂದೇ. ಆಮೇಲೆ ಪ್ರಾಜೆಕ್ಟುಗಳನ್ನು ಮುಚ್ಚಿ, `Preferences` ಒಳಗಿನ `Media Cache` ಪುಟಕ್ಕೆ ಹೋಗಿ ಕ್ಯಾಶ್ ಅಳಿಸು. ಈಗಿನ ಕೆಲಸದ ಕ್ಯಾಶ್ ಹೇಗೂ ಮತ್ತೆ ಬೇಕಾಗುವುದರಿಂದ ಇದನ್ನು ಹೊಸ ಮದುವೆ ಇಂಪೋರ್ಟ್ ಮಾಡುವ ಮೊದಲೇ ಮಾಡು, ನಡುವೆ ಬೇಡ. ಅದೇ ಪುಟದಲ್ಲಿ ಹಳೆಯ ಕ್ಯಾಶ್ ತಾನೇ ಅಳಿಸಿಹೋಗುವಂತೆ ದಿನಗಳ ಮಿತಿಯನ್ನೋ ಗಾತ್ರದ ಮಿತಿಯನ್ನೋ ಇಡಬಹುದು. ಇಟ್ಟರೆ ಈ ಚಿಂತೆ ಅರ್ಧ ಕಡಿಮೆ. ಆಫ್ಟರ್ ಎಫೆಕ್ಟ್ಸ್ ಬಳಸುವುದಾದರೆ ಅದರ ಡಿಸ್ಕ್ ಕ್ಯಾಶ್‌ಗೂ ಬೇರೆಯಾಗಿ ಮಿತಿ ಹಾಕಬೇಕು.

ಅಳಿಸಿದರೂ ಜಾಗ ಹೆಚ್ಚದಿದ್ದರೆ ರೀಸೈಕಲ್ ಬಿನ್ ನೋಡು. ಬಿನ್ನಿಗೆ ಹೋದ ಫೈಲು ಅದೇ ಡ್ರೈವಿನಲ್ಲೇ ಇರುತ್ತದೆ, ಖಾಲಿ ಮಾಡುವವರೆಗೆ ಒಂದು ಬೈಟೂ ಬಿಡುಗಡೆಯಾಗುವುದಿಲ್ಲ. ಆದರೆ ಖಾಲಿ ಮಾಡುವ ಮುನ್ನ ಒಳಗಿರುವುದನ್ನು ಓದಿ ನೋಡು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಮಾಹಿತಿಯನ್ನು ಡ್ರೈವು ತಾನೇ ಸ್ವಚ್ಛ ಮಾಡಿಬಿಡುವುದರಿಂದ, ಹಾರ್ಡ್ ಡಿಸ್ಕಿನಲ್ಲಿ ಆಗುತ್ತಿದ್ದಂತೆ ರಿಕವರಿ ಸಾಫ್ಟ್‌ವೇರ್ ಹಾಕಿ ಮರಳಿ ತರುವ ಆಸೆ ಇಟ್ಟುಕೊಳ್ಳಬೇಡ.

ಆ 20 ಜಿಬಿಯನ್ನು ಮುಟ್ಟಬೇಡ ಎಂದೆನಲ್ಲ, ಕಾರಣ ಇದು. ಎಸ್‌ಎಸ್‌ಡಿ ಹಳೆಯ ಮಾಹಿತಿಯ ಮೇಲೆ ನೇರವಾಗಿ ಬರೆಯಲಾರದು. ಮೊದಲು ಒಂದು ಇಡೀ ಬ್ಲಾಕನ್ನು ಅಳಿಸಬೇಕು. ಖಾಲಿ ಬ್ಲಾಕುಗಳು ಕಡಿಮೆಯಾದಷ್ಟೂ ಅದು ಒಳಗೊಳಗೇ ಮಾಹಿತಿಯನ್ನು ಅತ್ತಿಂದಿತ್ತ ಸಾಗಿಸುತ್ತಾ ಕೂರುತ್ತದೆ, ಬರೆಯುವ ವೇಗ ಕುಸಿಯುತ್ತದೆ. ಖಾಲಿ ಜಾಗದ ಒಂದು ಭಾಗವನ್ನೇ ವೇಗದ ತಂಗುದಾಣವಾಗಿ ಬಳಸುವ ಡ್ರೈವುಗಳಂತೂ ತುಂಬಿದಂತೆ ಇನ್ನಷ್ಟು ನಿಧಾನ. ಜೊತೆಗೆ ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲೇ ಪೇಜ್ ಫೈಲನ್ನು ಹಿಗ್ಗಿಸುತ್ತದೆ. ಪ್ರಾಜೆಕ್ಟ್ ಸೇವ್ ಆಗಲೂ ಜಾಗ ಬೇಕು. ಟೈಮ್‌ಲೈನ್ ತಡವರಿಸುವುದು, ಧ್ವನಿಯ ಅಲೆ ಮೂಡದಿರುವುದು, ಸೇವ್ ಆಗಲು ಹೊತ್ತು ಹಿಡಿಯುವುದು ಒಟ್ಟಿಗೆ ಕಂಡರೆ ಲ್ಯಾಪ್‌ಟಾಪನ್ನು ಬಯ್ಯುವ ಮೊದಲು ಖಾಲಿ ಜಾಗ ನೋಡು.

ಮೇಲಿನ ಲೆಕ್ಕಕ್ಕೆ ಸರಿಯಾದ ಪರಿಹಾರ ಒಂದು ಹೊರಗಿನ ಎಸ್‌ಎಸ್‌ಡಿ. ಪೆನ್‌ಡ್ರೈವ್ ಬೇಡ, ಅಷ್ಟು ಚಿಕ್ಕ ಚಿಕ್ಕ ಫೈಲುಗಳನ್ನು ಬರೆದು ಓದುವ ಕೆಲಸ ಅದರದಲ್ಲ. `Media Cache` ಪುಟದ `Browse` ಒತ್ತಿ ಕ್ಯಾಶನ್ನು ಅಲ್ಲಿಗೆ ಕಳಿಸು. `Project Settings` ಒಳಗಿನ `Scratch Disks` ತೆರೆದು ಪ್ರಿವ್ಯೂಗಳನ್ನೂ ಅಲ್ಲಿಗೇ ಕಳಿಸು. ಎಕ್ಸ್‌ಪೋರ್ಟೂ ಅಲ್ಲಿಗೇ ಆಗಲಿ. ಆಗ ಲ್ಯಾಪ್‌ಟಾಪಿನಲ್ಲಿ ಮೂಲ, ಪ್ರಾಕ್ಸಿ, ಪ್ರಾಜೆಕ್ಟ್ ಮಾತ್ರ ಉಳಿಯುತ್ತವೆ. 60ರಲ್ಲಿ 18 ಹೋಗಿ 42 ಜಿಬಿ ಖಾಲಿ ಇರುತ್ತದೆ, ಡ್ರೈವೂ ಉಸಿರಾಡುತ್ತದೆ. `Disk Management`ನಲ್ಲಿ ಆ ಡ್ರೈವಿಗೆ ಒಂದು ಖಾಯಂ ಅಕ್ಷರ ಕೊಟ್ಟುಬಿಡು. ಇಲ್ಲದಿದ್ದರೆ ಒಂದು ದಿನ ಅದು E, ಇನ್ನೊಂದು ದಿನ F ಆಗಿ, ಪ್ರೀಮಿಯರ್ ಫೈಲುಗಳು ಕಾಣೆಯಾಗಿವೆ ಎನ್ನುತ್ತದೆ. ಪ್ರೀಮಿಯರ್ ತೆರೆದಿರುವಾಗ ಆ ಕೇಬಲ್ ಕೀಳಬೇಡ.

ಮೂಲ ದೃಶ್ಯಗಳನ್ನೇ ಬೇರೆ ಡ್ರೈವಿಗೆ ಸಾಗಿಸಬೇಕಾಗಿ ಬಂದರೆ `Cut` ಒತ್ತಬೇಡ. ಮೊದಲು ಕಾಪಿ ಮಾಡು. ಎರಡೂ ಕಡೆ ಫೈಲುಗಳ ಎಣಿಕೆಯನ್ನೂ ಬೈಟುಗಳ ಒಟ್ಟು ಮೊತ್ತವನ್ನೂ ಹೋಲಿಸು. ಕೆಲವು ದೃಶ್ಯಗಳನ್ನು ಹೊಸ ಜಾಗದಿಂದ ಓಡಿಸಿ ನೋಡು. ಪ್ರಾಜೆಕ್ಟನ್ನು ಹೊಸ ಜಾಗಕ್ಕೆ `Link Media` ಮೂಲಕ ಜೋಡಿಸಿ ತೆರೆದುಕೊಂಡ ಮೇಲೆ ಹಳೆಯದನ್ನು ಅಳಿಸು. ಎರಡು ಡ್ರೈವುಗಳಲ್ಲಿ ಪ್ರತಿ ಇಲ್ಲದೆ ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡ, ಎಷ್ಟೇ ಅವಸರವಿದ್ದರೂ.

ಇಷ್ಟನ್ನೂ ನೆನಪಿಡುವುದು ಕಷ್ಟವಾದರೆ ಒಂದನ್ನು ರೂಢಿ ಮಾಡಿಕೋ. ಮದುವೆಯವರಿಂದ ಮುಂಗಡ ತೆಗೆದುಕೊಳ್ಳುವ ದಿನವೇ ಮೂಲ, ಧ್ವನಿಯ ಕ್ಯಾಶ್, ಪ್ರಾಕ್ಸಿ, ಪ್ರಿವ್ಯೂ, ಎಕ್ಸ್‌ಪೋರ್ಟ್ ಎಂದು ಐದು ಸಾಲು ಬರೆದು, ಗಂಟೆಯಿಂದ ಗುಣಿಸಿ, ಎಕ್ಸ್‌ಪೋರ್ಟಿಗೆ ಎರಡರಷ್ಟು ಹಿಡಿದು ಕೂಡಿಸು. ಖಾಲಿ ಜಾಗ ಆ ಮೊತ್ತಕ್ಕಿಂತ 20 ಜಿಬಿ ಹೆಚ್ಚಿಲ್ಲದಿದ್ದರೆ, ಡ್ರೈವ್ ಕೊಂಡ ಮೇಲೆಯೇ ಆ ಕೆಲಸ ಶುರು ಮಾಡು.