ಲಾಕ್ ಆದ ಇ-ಫೈಲಿಂಗ್ ಖಾತೆ: ಮಿಂಚಂಚೆಯಲ್ಲಿ ಏನಿರಬೇಕು?

ನಿಂಬರ್ಗಾದ ತೊಗರಿ ವರ್ತಕರೊಬ್ಬರ ಆದಾಯ ತೆರಿಗೆ ಇ-ಫೈಲಿಂಗ್ ಖಾತೆ ಲಾಕ್ ಆಗಿದೆ, ನೋಂದಾಯಿತ ಮೊಬೈಲ್ ಸಂಖ್ಯೆಯೂ ಬಳಕೆಯಲ್ಲಿಲ್ಲ ಎಂದು ಭಾವಿಸೋಣ. ಆಧಾರ್ ಓಟಿಪಿ, ನೆಟ್ ಬ್ಯಾಂಕಿಂಗ್, ಡಿಜಿಟಲ್ ಸಹಿ ಇವಾವುವೂ ಒದಗದಿದ್ದಲ್ಲಿ ಅವರು ಸ್ವಂತ ಮಿಂಚಂಚೆಯಿಂದ efilingwebmanager@incometax.gov.in ವಿಳಾಸಕ್ಕೆ ಬರೆಯತಕ್ಕದ್ದು.

“ಖಾತೆ ತೆರೆಯುತ್ತಿಲ್ಲ” ಎಂದಷ್ಟೇ ಬರೆದರೆ ಮರುಪ್ರಶ್ನೆಗಳಲ್ಲಿಯೇ ದಿನಗಳು ಕಳೆಯುತ್ತವೆ. ಆದುದರಿಂದ ಪ್ಯಾನ್ ಸಂಖ್ಯೆ, ಹೆಸರು, ಜನ್ಮದಿನಾಂಕ, ತಂದೆಯ ಹೆಸರು, ವಿಳಾಸಗಳನ್ನು ಮೊದಲ ಪತ್ರದಲ್ಲಿಯೇ ನಮೂದಿಸಬೇಕು. ಲಾಕ್ ಆದ ದಿನ, ವೇಳೆ ಹಾಗೂ ಪರದೆಯ ಸಂದೇಶವನ್ನು ಯಥಾವತ್ತಾಗಿ ತಿಳಿಸಿ, ಓಟಿಪಿಗಾಗಿ ಹೊಸ ಮೊಬೈಲ್ ಸಂಖ್ಯೆ ಕೊಡಬೇಕು. ಪ್ಯಾನ್, ಗುರುತು ಹಾಗೂ ವಿಳಾಸ ದಾಖಲೆಗಳ ಪ್ರತಿಗಳೊಡನೆ ಸಹಿಯುಳ್ಳ ಮನವಿಪತ್ರ ಲಗತ್ತಿಸಬೇಕು.

ಏಕಮಾಲೀಕ ವ್ಯಾಪಾರದಲ್ಲಿ ಪ್ಯಾನ್ ಇರುವುದು ಮಾಲೀಕರ ಹೆಸರಿನಲ್ಲಿ. ಅಂಗಡಿಯ ಹೆಸರು ಬರೆದರೆ ದಾಖಲೆ ತಾಳೆಯಾಗದು. ಪಾಸ್‌ವರ್ಡ್, ಓಟಿಪಿಗಳನ್ನು ಮಾತ್ರ ಎಂದಿಗೂ ಬರೆಯಕೂಡದು.