ಮೋಟಾರಿಗೆ ಐದು ವರ್ಷ, ಉಳಿದದ್ದಕ್ಕೆ?

ಪ್ರೀತಿಯ ತಂಗಿ,

ದೇಗಾಂವದಲ್ಲಿ ಅಡುಗೆ ಮನೆ ಸಾಮಾನಿನ ಅಂಗಡಿ ಇಟ್ಟು, ಫೋನಿನಲ್ಲಿ ಪೋಸ್ಟ್ ಹಾಕಿ ಸುತ್ತಲಿನ ಹಳ್ಳಿಗಳಿಗೂ ಮಿಕ್ಸರ್, ಗ್ರೈಂಡರ್ ಮಾರುತ್ತಿದ್ದೀ. ಕಿತ್ತೂರು, ಬೈಲಹೊಂಗಲ, ಸವದತ್ತಿ ಕಡೆ ಇದೇ ಕೆಲಸಕ್ಕೆ ಕೈಹಾಕಿದ ಹುಡುಗ ಹುಡುಗಿಯರೂ ಓದಲಿ ಅಂತ ಈ ಪತ್ರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ನಿನ್ನ ಮೊನ್ನೆಯ ಪೋಸ್ಟ್ ನೋಡಿದೆ. ಮಿಕ್ಸರ್ ಚಿತ್ರದ ಮೇಲೆ ದಪ್ಪ ಅಕ್ಷರದಲ್ಲಿ ‘5 ವರ್ಷ ವಾರಂಟಿ, ಚಿಂತಿಲ್ಲದ ತಗೊಳ್ರಿ’ ಅಂತಿದೆ. ತೀರ ಕೆಳಗೆ, ಕಣ್ಣು ಕಿರಿದು ಮಾಡಿದರೂ ಓದಲಾಗದ ಇಂಗ್ಲಿಷ್ ಅಕ್ಷರದಲ್ಲಿ ಷರತ್ತುಗಳು ಅನ್ವಯಿಸುತ್ತವೆ ಅಂತಿದೆ. ಮಿಕ್ಸರ್ ಬಿಚ್ಚಿ ಜೋಡಿಸುತ್ತಲೇ ನನ್ನ ಕೂದಲು ಬೆಳ್ಳಗಾದವು. ಆ ಎರಡು ಸಾಲುಗಳ ನಡುವೆ ಏನು ಬಿಟ್ಟುಹೋಗಿದೆ ಅನ್ನುವುದು ನನಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ.

ಡಬ್ಬಿಯೊಳಗಿನ ವಾರಂಟಿ ಕಾರ್ಡು ತೆಗೆದು ಓದು. ಬಹಳಷ್ಟು ಮಿಕ್ಸರ್‌ಗಳಿಗೆ ಎರಡು ಬೇರೆ ಅವಧಿ ಇರುತ್ತವೆ: ಇಡೀ ಯಂತ್ರಕ್ಕೆ ಎರಡು ವರ್ಷ, ಮೋಟಾರಿಗೆ ಮಾತ್ರ ಐದು ವರ್ಷ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ, ಆದ್ದರಿಂದ ನೀನು ಮಾರುವ ಪ್ರತಿ ಮಾದರಿಯ ಕಾರ್ಡನ್ನೂ ಓದಲೇಬೇಕು. ದಪ್ಪ ಅಕ್ಷರದ ಐದು ವರ್ಷ ಮೋಟಾರಿನದ್ದು. ಆದರೆ ಮನೆಯಲ್ಲಿ ಮೊದಲು ಕೆಡುವುದು ಮೋಟಾರಲ್ಲ.

ಒಬ್ಬ ಹೆಣ್ಣುಮಗಳು ನಿನ್ನ ಪೋಸ್ಟ್ ನಂಬಿ 750 ವ್ಯಾಟಿನ ಮಿಕ್ಸರ್ ಒಯ್ದಳು ಅಂತಿಟ್ಟುಕೋ. ನಮ್ಮ ಕಡೆ ಮನೆಯ ಮಿಕ್ಸರಿಗೆ ದೋಸೆ ಹಿಟ್ಟಿಗಿಂತ ಒಣ ಕೆಲಸ ಜಾಸ್ತಿ: ಶೇಂಗಾ ಹಿಂಡಿ, ಗುರೆಳ್ಳು, ಅಗಸಿ, ಮಸಾಲಿ ಖಾರ. ಮೂರನೇ ವರ್ಷ ಒಂದು ದಿನ ಸ್ವಿಚ್ ಹಾಕಿದರೆ ಮೋಟಾರ್ ಗರ್ ಅನ್ನುತ್ತದೆ, ಬ್ಲೇಡ್ ಮಾತ್ರ ತಿರುಗುವುದಿಲ್ಲ. ಭಾಂಡೆ ಕೂರುವಲ್ಲಿರುವ ಹಲ್ಲಿನ ಕಪ್ಲರ್ ಸವೆದಿದೆ. ಬ್ಲೇಡ್ ಎಲ್ಲಾದರೂ ಸಿಕ್ಕಿಬಿದ್ದರೆ ಪೆಟ್ಟು ಮೋಟಾರಿಗೆ ತಟ್ಟುವ ಮೊದಲು ತಾನೇ ಮುರಿಯುವ ಮೆತ್ತನೆಯ ಭಾಗ ಅದು. ಇಲ್ಲವೆ ಕೆಳಗಿನ ಗಾಳಿಕಿಂಡಿಯಲ್ಲಿ ಕಿಡಿ ಕಾಣುತ್ತದೆ, ಯಂತ್ರ ನಿಂತು ನಿಂತು ತಿರುಗುತ್ತದೆ. ಹಾಗಿದ್ದರೆ ಬಹುತೇಕ ಕಾರ್ಬನ್ ಬ್ರಷ್ ತೇದಿದೆ. ಅಥವಾ ಭಾಂಡೆಯ ತಳದಿಂದ ಕಪ್ಪು ನೀರು ಒಸರುತ್ತದೆ. ಅದು ಬುಷ್ ಮತ್ತು ಸೀಲು ಹೋದ ಗುರುತು.

ಈ ಮೂರೂ ಬಳಕೆಯಿಂದ ಸವೆಯುವ ಭಾಗಗಳು. ಸಾಮಾನ್ಯವಾಗಿ ಕಾರ್ಡು ಇವುಗಳನ್ನು ವಾರಂಟಿಯಿಂದ ಹೊರಗಿಡುತ್ತದೆ, ಇಲ್ಲವೆ ಮೊದಲ ಅವಧಿಗಷ್ಟೇ ಒಪ್ಪುತ್ತದೆ. ಆಕೆ ಐದು ವರ್ಷ ಅಂತ ಓದಿ ಬಂದವಳು. ‘ಇನ್ನೂ ಮೂರು ವರ್ಷಾನೂ ತುಂಬಿಲ್ಲಲ್ರೀ’ ಅಂತ ಕೇಳುತ್ತಾಳೆ. ನೀನು ಆಗ ಕಾರ್ಡು ತೋರಿಸಿದರೆ ಮಾತು ಕಾರ್ಡಿನ ಪ್ರಕಾರ ಸರಿಯಿರಬಹುದು, ಆದರೆ ಆಕೆಗೆ ಮೋಸ ಹೋದಂತೆಯೇ ಅನಿಸುತ್ತದೆ. ಅದೇ ಕಪ್ಲರ್ ವಿಷಯ ಕೊಳ್ಳುವ ದಿನವೇ ತಿಳಿದಿದ್ದರೆ ಹತ್ತಿರದ ರಿಪೇರಿ ಅಂಗಡಿಯಲ್ಲಿ ಹಾಕಿಸಿಕೊಂಡು ಸುಮ್ಮನಾಗುತ್ತಿದ್ದಳು. ಅದೇನು ದೊಡ್ಡ ಖರ್ಚಲ್ಲ.

ಇನ್ನು ಮೋಟಾರೇ ಸುಟ್ಟರೆ? ವೈಂಡಿಂಗ್ ಸುಟ್ಟಾಗ ಅರಗು ಕಾಸಿದಂಥ ಗಾಢ ವಾಸನೆ, ಕೆಲವೊಮ್ಮೆ ಹೊಗೆ. ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡಿ, ತಯಾರಿಕೆಯ ದೋಷವೋ ಅತಿಭಾರದಿಂದ ಸುಟ್ಟಿದ್ದೋ ಅಂತ ತೀರ್ಮಾನಿಸುತ್ತಾರೆ. ಜಗಳ ಹುಟ್ಟುವುದೇ ಇಲ್ಲಿ. ಆದ್ದರಿಂದ ಅತಿಭಾರ ಅಂದರೇನು ಅನ್ನುವುದೂ ನಿನ್ನ ಪೋಸ್ಟಿನಲ್ಲಿರಲಿ. ಭಾಂಡೆ ಬಾಯಿತನಕ ತುಂಬಬಾರದು, ಒಂದೇ ಸಮ ತಿರುಗಿಸದೆ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತಿಗೊಮ್ಮೆ ಬಿಡುವು ಕೊಡಬೇಕು. ತಳದಲ್ಲಿ ಓವರ್‌ಲೋಡ್ ಸ್ವಿಚ್ಚಿನ ಗುಂಡಿಯಿದೆ, ಹೆಚ್ಚಾಗಿ ಕೆಂಪು. ಯಂತ್ರ ಸದ್ದಿಲ್ಲದೆ ನಿಂತರೆ ಪ್ಲಗ್ ತೆಗೆದು, ಭಾಂಡೆ ಹಗುರ ಮಾಡಿ, ತಣ್ಣಗಾದ ಮೇಲೆ ಆ ಗುಂಡಿ ಒತ್ತಿದರೆ ಎಷ್ಟೋ ಸಲ ಮತ್ತೆ ಶುರುವಾಗುತ್ತದೆ. ಕೆಟ್ಟಿತೆಂದು ಹೊತ್ತು ತಂದ ಎಷ್ಟೋ ಮಿಕ್ಸರ್‌ಗಳನ್ನು ನಾನು ಗುಂಡಿ ಒತ್ತಿ ತಿರುಗಿ ಕಳಿಸಿದ್ದೇನೆ.

ಖಾನಾವಳಿಯವರು ಕೇಳಿದರೆ ಮನೆಬಳಕೆಯ ಮಿಕ್ಸರ್ ಕೊಡಬೇಡ. ಅಂಗಡಿ, ಹೋಟೆಲಿನಲ್ಲಿ ಬಳಸಿದ್ದು ಗೊತ್ತಾದರೆ ಮನೆಬಳಕೆಯ ವಾರಂಟಿ ನಿಲ್ಲುವುದಿಲ್ಲ. ಅವರಿಗೆ ದೊಡ್ಡ ಮಾದರಿಯೇ ಸರಿ.

ಆ ಸಣ್ಣಕ್ಷರದ ಸಾಲಿಗೆ ಬರುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸುಳ್ಳು ಭರವಸೆ ಕೊಡುವ ಜಾಹೀರಾತನ್ನು ದಾರಿ ತಪ್ಪಿಸುವ ಜಾಹೀರಾತು ಅನ್ನುತ್ತದೆ. ಅದರಡಿ 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಷರತ್ತಿನ ಸಾಲು ಹೇಗಿರಬೇಕೆಂದೂ ಹೇಳುತ್ತದೆ: ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ನಮೂನೆಯ ಅಕ್ಷರದಲ್ಲಿ, ಎದ್ದು ಕಾಣುವ ಕಡೆ ಇರಬೇಕು. ದೊಡ್ಡ ಸಾಲಿನ ಸುಳ್ಳನ್ನು ಷರತ್ತಿನ ಸಾಲಿನಿಂದ ತಿದ್ದುವಂತಿಲ್ಲ. ಯಾವ ಮಾಧ್ಯಮದ ಜಾಹೀರಾತಿಗೂ ಇದು ಅನ್ವಯ, ಫೋನಿನಲ್ಲಿ ಹಾಕಿದ್ದೂ ಅದರಿಂದ ಹೊರತಲ್ಲ. ನಮ್ಮ ಊರಿನ ಹೆಣ್ಣುಮಕ್ಕಳಿಗೆ ಇದಕ್ಕಿಂತ ಉಪಯೋಗದ ನಿಯಮ ನನಗೆ ಕಾಣುವುದಿಲ್ಲ. ಕನ್ನಡದಲ್ಲಿ ಆಸೆ ತೋರಿಸಿದವರು ಕನ್ನಡದಲ್ಲೇ ಮಿತಿಯನ್ನೂ ಹೇಳಬೇಕು.

ಹಾಗಾದರೆ ಹೀಗೆ ಬರೆ: ‘ಈ ಮಿಕ್ಸರಿಗೆ ಬಿಲ್ಲಿನ ತಾರೀಖಿನಿಂದ ಎರಡು ವರ್ಷ ಕಂಪನಿ ವಾರಂಟಿ. ಮೋಟಾರಿಗೆ ಮಾತ್ರ ಐದು ವರ್ಷ. ತಯಾರಿಕಾ ದೋಷ ಇದ್ರ ಮೊದಲ ರಿಪೇರಿ ಮಾಡಿಕೊಡ್ತಾರ, ಹೊಸಾದು ಕೊಡ್ತಾರಂತ ಅಲ್ಲ. ಕಪ್ಲರ್, ಬ್ರಷ್, ಬ್ಲೇಡ್, ಭಾಂಡೆ ಬುಷ್ ಸವೆದ್ರ ಖರ್ಚು ನಿಮ್ದು. ಕೆಳಗ ಬಿದ್ರ, ಒಳಗ ನೀರು ಹೋದ್ರ, ಹೊರಗಿನವರು ಬಿಚ್ಚಿದ್ರ ವಾರಂಟಿ ಇಲ್ಲ. ಬಿಲ್ ಮತ್ತ ಕಾರ್ಡ್ ಇಟ್ಕೊಳ್ರಿ.’ ಪ್ರತಿ ಸಾಲನ್ನೂ ಆ ಮಾದರಿಯ ಕಾರ್ಡಿಗೆ ಹೋಲಿಸಿ ತಿದ್ದಿಕೋ. ಎರಡು ವರ್ಷ ಮುಗಿದ ಮೇಲೆ ಮೋಟಾರ್ ಬದಲಿಸುವಾಗ ಕೂಲಿ ಕೇಳುತ್ತಾರೆಯೇ ಅನ್ನುವುದನ್ನು ವಿಶೇಷವಾಗಿ ಹುಡುಕು. ಕೆಲವು ಕಾರ್ಡುಗಳಲ್ಲಿ ಮೋಟಾರ್ ಪುಕ್ಕಟೆ, ಕೂಲಿ ಪುಕ್ಕಟೆಯಲ್ಲ.

ಇಷ್ಟು ಬಿಚ್ಚಿ ಹೇಳಿದರೆ ಯಾರೂ ಕೊಳ್ಳುವುದಿಲ್ಲವೆಂಬ ಹೆದರಿಕೆ ನಿನಗಿರಬಹುದು. ಏನು ಕೆಟ್ಟರೆ ಯಾರ ಖರ್ಚು, ಎಲ್ಲಿಗೆ ಒಯ್ಯಬೇಕು ಅನ್ನುವುದು ಸ್ಪಷ್ಟವಾದಾಗಲೇ ನಮ್ಮ ಜನ ಧೈರ್ಯವಾಗಿ ದುಡ್ಡು ಬಿಚ್ಚುವುದನ್ನು ನಾನು ನೋಡಿದ್ದೇನೆ.

ಎಲ್ಲಿಗೆ ಒಯ್ಯಬೇಕು ಅನ್ನುವುದಂತೂ ದೊಡ್ಡ ಮಾತು. ಆ ಕಂಪನಿಯ ಸರ್ವಿಸ್ ಸೆಂಟರ್ ಬೈಲಹೊಂಗಲದಲ್ಲಿದೆಯೇ, ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕೇ ಅಂತ ಫೋನ್ ಮಾಡಿ ಖಚಿತ ಮಾಡಿಕೊಂಡೇ ಬರೆ. ಹೋಗಿ ಬರುವ ಖರ್ಚು ಯಾರದ್ದು ಅನ್ನುವುದೂ ಇರಲಿ. ನೀನೇ ಒಯ್ದು ತಂದುಕೊಡುವೆಯಾದರೆ ಅದು ನಿನ್ನ ಅಂಗಡಿಯ ಮಾತು, ಕಂಪನಿಯದ್ದಲ್ಲ ಅಂತ ಬೇರೆಯಾಗಿ ಬರೆ, ಬಿಲ್ಲಿನ ಹಿಂದೆ ಸಹಿ ಹಾಕಿಕೊಡು.

ಬಿಲ್ ಕೊಡದೆ ಮಾರಬೇಡ. ಬಿಲ್ ಕೊಡದಿರುವುದೂ ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರವೇ. ಬಿಲ್ಲಿನ ಮೇಲೆ ಯಂತ್ರದ ತಳದಲ್ಲಿರುವ ಸೀರಿಯಲ್ ನಂಬರ್ ಬರೆ. ಮಷೀನಿನಲ್ಲಿ ಬರುವ ನುಣುಪು ಕಾಗದದ ಬಿಲ್ಲು ಒಲೆಯ ಬಿಸಿಗೆ, ಬೆಳಕಿಗೆ ಅಕ್ಷರ ಮಾಸಿ ಬೆಳ್ಳಗಾಗುತ್ತದೆ. ಐದನೇ ವರ್ಷ ತೋರಿಸಲು ಏನೂ ಉಳಿದಿರುವುದಿಲ್ಲ. ಆ ದಿನವೇ ಬಿಲ್ಲು, ಕಾರ್ಡು, ಸೀರಿಯಲ್ ನಂಬರ್ ಮೂರರ ಫೋಟೋ ತೆಗೆದು ಕೊಂಡವರ ಫೋನಿಗೆ ಕಳಿಸು. ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅನ್ನುವುದನ್ನೂ ಆ ಸಂದೇಶದಲ್ಲೇ ಬರೆ.

ಈಗ ಮಾರುತ್ತಿರುವ ಮಾದರಿಗಳ ಕಾರ್ಡುಗಳ ಫೋಟೋ ನನಗೆ ಕಳಿಸು. ಯಾವುದರಲ್ಲಿ ಕಪ್ಲರ್, ಬ್ರಷ್ ಹೊರಗಿದೆ, ಯಾವುದರಲ್ಲಿ ಕೂಲಿ ಕೇಳುತ್ತಾರೆ ಅಂತ ಗುರುತು ಹಾಕಿಕೊಡುತ್ತೇನೆ. ಅಲ್ಲಿಯ ತನಕ ಆ ಐದು ವರ್ಷದ ಪೋಸ್ಟ್ ತೆಗೆದುಬಿಡು.

ನಿನ್ನ ಕಾಕಾ