ಹಸಿರು ಕೋಬಾಲ್ಟ್, ನೇರಳೆ ಕೋಬಾಲ್ಟ್: ಪಿಯುಸಿ ಮಕ್ಕಳಿಗೊಂದು ಕಿವಿಮಾತು

ಮಗೂ, ಸಮನ್ವಯ ಸಂಯುಕ್ತಗಳ ಪಾಠದಲ್ಲಿ ಮತ್ತೆ ಮತ್ತೆ ಕಾಡುವುದು ಮೂರು ಬಗೆಯ ಪ್ರಶ್ನೆ. ಹೆಸರು ಬರೆ, ಐಸೋಮರ್ ಎಷ್ಟೆಂದು ಹೇಳು, ಬಣ್ಣ ಯಾವುದಿರಬಹುದು ಊಹಿಸು. ಗೈಡಿನಲ್ಲಿರುವ ಉದಾಹರಣೆಗಳನ್ನೆಲ್ಲ ಉರು ಹೊಡೆಯಬೇಡ. ಒಂದೇ ಒಂದು ಸಂಕೀರ್ಣವನ್ನು ಹಿಡಿದುಕೊಂಡು ಮೂರೂ ಪ್ರಶ್ನೆಗಳನ್ನು ಅದಕ್ಕೇ ಹಾಕಿ ನೋಡು. ನಾನು ನಿನಗೆ ಕೊಡುವುದು [Co(en)₂Cl₂]Cl. ಇದರಲ್ಲಿ en ಅಂದರೆ ಈಥೇನ್-1,2-ಡೈಅಮೀನ್, ಹಳೆಯ ಪುಸ್ತಕಗಳ ಎಥಿಲೀನ್‌ಡೈಅಮೀನ್. ಎರಡು ನೈಟ್ರೋಜನ್‌ಗಳಿಂದ ಲೋಹವನ್ನು ಹಿಡಿಯುವ ಲಿಗ್ಯಾಂಡ್ ಅದು.

• ಮೊದಲು ಆವರಣದ ಒಳಗೇನಿದೆ, ಹೊರಗೇನಿದೆ ನೋಡು. ಇಲ್ಲಿ ಮೂರು ಕ್ಲೋರಿನ್‌ಗಳಿವೆ. ಎರಡು ಕೋಬಾಲ್ಟಿಗೆ ನೇರವಾಗಿ ಅಂಟಿಕೊಂಡಿವೆ, ಒಂದು ಹೊರಗಿದೆ. ಹೊಸದಾಗಿ ಮಾಡಿದ ತಣ್ಣನೆಯ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹಾಕಿದರೆ ಒಂದು ಮೋಲ್ ಸಂಕೀರ್ಣಕ್ಕೆ ಒಂದೇ ಮೋಲ್ ಬಿಳಿ AgCl ತಳಕ್ಕಿಳಿಯುತ್ತದೆ. ಪ್ರಶ್ನೆಯಲ್ಲಿ ಸೂತ್ರ ಕೊಡದೆ CoCl₃·2en ಎಂದು ಬರೆದು, ಎಷ್ಟು AgCl ಬಂತು ಎಂದಷ್ಟೇ ಹೇಳಿದ್ದರೆ ಆವರಣವನ್ನು ಎಲ್ಲಿ ಹಾಕಬೇಕೆಂದು ಆ ಸಂಖ್ಯೆಯಿಂದಲೇ ಗೊತ್ತಾಗಬೇಕು. ಇನ್ನು ವಿದ್ಯುದಂಶದ ಲೆಕ್ಕ. ಹೊರಗೆ ಒಂದು Cl⁻ ಇರುವುದರಿಂದ ಒಳಗಿನದು +1. en ತಟಸ್ಥ, ಎರಡು ಕ್ಲೋರೈಡ್ ಸೇರಿ −2. ಹಾಗಾಗಿ ಕೋಬಾಲ್ಟ್ +3. ಈ +3 ಹೆಸರಿಗೂ ಬೇಕು, ಬಣ್ಣಕ್ಕೂ ಬೇಕು. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪಿದಂತೆ.

• ಲಿಗ್ಯಾಂಡ್‌ಗಳ ಸಾಲು ಇಂಗ್ಲಿಷ್ ಅಕ್ಷರಮಾಲೆಯಂತೆ. ಲಿಗ್ಯಾಂಡ್‌ಗಳು ಮೊದಲು, ಲೋಹ ಆಮೇಲೆ. ಲಿಗ್ಯಾಂಡ್‌ಗಳಲ್ಲಿ ಯಾವುದು ಮುಂದೆ ಎಂಬುದನ್ನು ತೀರ್ಮಾನಿಸುವುದು ಅವುಗಳ ಹೆಸರಿನ ಇಂಗ್ಲಿಷ್ ಕಾಗುಣಿತ, ವಿದ್ಯುದಂಶವಲ್ಲ. ಕನ್ನಡ ಮಾಧ್ಯಮದವರು ಇಲ್ಲಿ ಎಚ್ಚರದಿಂದಿರಬೇಕು. NH₃ ಮತ್ತು H₂O ಎರಡೂ ಇದ್ದಾಗ ಕನ್ನಡ ಅಕ್ಷರಗಳಲ್ಲಿ ‘ಅಕ್ವಾ’ ಮುಂದೆ ಬಂದಂತೆ ಕಾಣುತ್ತದೆ, ಆದರೆ ಹೆಸರಿನಲ್ಲಿ ‘ಅಮ್ಮೀನ್’ ಮುಂದೆ ಬರಬೇಕು. ಡೈ, ಟ್ರೈ, ಬಿಸ್ ಎಂಬ ಎಣಿಕೆಯ ಪದಗಳನ್ನು ಸಾಲಿಗೆ ಹಿಡಿಯಬೇಡ. ನಮ್ಮ ಸಂಕೀರ್ಣದಲ್ಲಿ ಕ್ಲೋರಿಡೋ ಮೊದಲು, ಈಥೇನ್‌ಡೈಅಮೀನ್ ನಂತರ. ಈಥೇನ್‌ಡೈಅಮೀನ್ ಹೆಸರಿನೊಳಗೆ ಈಗಾಗಲೇ ಒಂದು ‘ಡೈ’ ಇರುವುದರಿಂದ ಅದರ ಹಿಂದೆ ಇನ್ನೊಂದು ‘ಡೈ’ ಹಾಕುವಂತಿಲ್ಲ. ‘ಬಿಸ್’ ಹಾಕಿ, ಲಿಗ್ಯಾಂಡಿನ ಹೆಸರನ್ನು ಆವರಣದಲ್ಲಿ ಬರೆಯಬೇಕು. ಪೂರ್ತಿ ಹೆಸರು ಹೀಗಾಗುತ್ತದೆ: ಡೈಕ್ಲೋರಿಡೋಬಿಸ್(ಈಥೇನ್-1,2-ಡೈಅಮೀನ್)ಕೋಬಾಲ್ಟ್(III) ಕ್ಲೋರೈಡ್. ಹೊರಗಿನ ಕ್ಲೋರೈಡ್ ಎಷ್ಟೇ ಇರಲಿ, ‘ಡೈಕ್ಲೋರೈಡ್’, ‘ಟ್ರೈಕ್ಲೋರೈಡ್’ ಎಂದು ಎಣಿಸುವ ಅಗತ್ಯವಿಲ್ಲ. III ಎಂಬ ಅಂಕಿಯೇ ಅದನ್ನು ಹೇಳಿಬಿಡುತ್ತದೆ.

• ಆವರಣದ ಒಳಗಿನದು ಋಣ ಅಯಾನಾಗಿದ್ದರೆ ಮಾತ್ರ ಲೋಹದ ಹೆಸರಿಗೆ ‘ಏಟ್’ ಸೇರುತ್ತದೆ. K₃[Fe(CN)₆] ಪೊಟ್ಯಾಸಿಯಂ ಹೆಕ್ಸಸಯನಿಡೋಫೆರೇಟ್(III). ನಮ್ಮದು ಧನ ಅಯಾನು, ಆದ್ದರಿಂದ ಬರೀ ಕೋಬಾಲ್ಟ್.

• ಐಸೋಮರ್‌ಗಳನ್ನು ಚಿತ್ರ ಬರೆದು ಎಣಿಸಬೇಡ, ಮೂಲೆಗಳಿಗೆ ಅಂಕಿ ಕೊಟ್ಟು ಎಣಿಸು. ಚಿತ್ರ ಬರೆಯುತ್ತಾ ಹೋದರೆ ಒಂದನ್ನೇ ತಿರುಗಿಸಿ ಬರೆದು ಹೊಸದೆಂದು ಎಣಿಸಿಬಿಡುತ್ತಾರೆ. ಹೆಚ್ಚಿನ ಉತ್ತರಗಳು ಕೆಡುವುದು ಇಲ್ಲೇ. ಅಷ್ಟಮುಖಿಯ ಮೇಲಿನ ತುದಿಗೆ 1, ನಡುವಿನ ಚೌಕಕ್ಕೆ ಸುತ್ತಲೂ 2, 3, 4, 5, ಕೆಳಗಿನ ತುದಿಗೆ 6 ಎಂದು ಕೊಡು. ಎದುರುಬದುರಾಗಿರುವ ಜೋಡಿಗಳು ಮೂರು: 1–6, 2–4, 3–5. ಉಳಿದ ಯಾವ ಎರಡು ಮೂಲೆಗಳೂ ಪಕ್ಕಪಕ್ಕದವೇ. en ಎದುರುಬದುರು ಮೂಲೆಗಳಿಗೆ ಚಾಚಿಕೊಳ್ಳಲಾರದು, ಅದಕ್ಕೆ ಪಕ್ಕದ ಮೂಲೆಗಳೇ ಬೇಕು. ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ಎರಡು ಕ್ಲೋರೈಡ್‌ಗಳನ್ನು ಎದುರುಬದುರು, ಅಂದರೆ 1 ಮತ್ತು 6ರಲ್ಲಿ ಕೂರಿಸು. ಉಳಿದದ್ದು 2, 3, 4, 5. ಎರಡು en ಕೂರುವ ದಾರಿಗಳು ಎರಡು: (2,3)(4,5) ಅಥವಾ (3,4)(5,2). ಇಡೀ ಸಂಕೀರ್ಣವನ್ನು 1–6 ಅಕ್ಷದ ಸುತ್ತ 90 ಡಿಗ್ರಿ ತಿರುಗಿಸು, ಮೊದಲನೆಯದು ಎರಡನೆಯದಾಗುತ್ತದೆ. ಆದ್ದರಿಂದ ಇವೆರಡೂ ಒಂದೇ. ಇದು ಟ್ರಾನ್ಸ್ ರೂಪ, ಒಂದೇ ಒಂದು.

ಈಗ ಕ್ಲೋರೈಡ್‌ಗಳನ್ನು ಪಕ್ಕಪಕ್ಕ, 1 ಮತ್ತು 2ರಲ್ಲಿ ಕೂರಿಸು. ಉಳಿದದ್ದು 3, 4, 5, 6. ಇದರಲ್ಲಿ 3 ಮತ್ತು 5 ಎದುರುಬದುರಾದ್ದರಿಂದ ಅವುಗಳನ್ನು ಒಂದೇ en ಹಿಡಿಯಲಾರದು. ಉಳಿಯುವ ದಾರಿಗಳು (3,4)(5,6) ಮತ್ತು (3,6)(4,5). ಕನ್ನಡಿಯಲ್ಲಿ ನೋಡಿದಂತೆ 3 ಮತ್ತು 5ನ್ನು ಅದಲುಬದಲು ಮಾಡಿದರೆ ಮೊದಲನೆಯದು ಎರಡನೆಯದಾಗುತ್ತದೆ. ತಿರುಗಿಸಿದರೂ ಹಾಗಾದೀತೇ? ಕ್ಲೋರೈಡ್‌ಗಳನ್ನು ಕೆಡಿಸದೆ ತಿರುಗಿಸಲು ಇರುವುದು ಒಂದೇ ಬಗೆ, 1ನ್ನು 2ರ ಜಾಗಕ್ಕೂ 2ನ್ನು 1ರ ಜಾಗಕ್ಕೂ ತರುವುದು. ಆಗ 6 ಮತ್ತು 4 ಅದಲುಬದಲಾಗುತ್ತವೆ, 3 ಮತ್ತು 5 ಕೂಡ. (3,4)(5,6) ಹೀಗೆ ತಿರುಗಿ (5,6)(3,4) ಆಗುತ್ತದೆ, ಅಂದರೆ ಇದ್ದದ್ದೇ. ಒಂದರ ಮೇಲೊಂದು ಕೂರದ ಕನ್ನಡಿ ಜೋಡಿ ಇದು. ಆದ್ದರಿಂದ ಸಿಸ್ ರೂಪದಲ್ಲಿ ಎರಡು.

• ಪ್ರಶ್ನೆ ಕೇಳಿರುವುದು ಯಾವ ಲೆಕ್ಕ ಎಂದು ಎರಡು ಸಲ ಓದು. ಜ್ಯಾಮಿತೀಯ ಐಸೋಮರ್ ಎಷ್ಟು ಎಂದರೆ 2. ಬೆಳಕನ್ನು ತಿರುಗಿಸುವಂಥವು ಎಷ್ಟು ಎಂದರೆ 2. ಒಟ್ಟು ಸ್ಟೀರಿಯೋಐಸೋಮರ್ ಎಷ್ಟು ಎಂದರೆ 3. ಬಹು ಆಯ್ಕೆಯ ಪ್ರಶ್ನೆಯಲ್ಲಿ 2 ಮತ್ತು 3 ಎರಡೂ ಆಯ್ಕೆಗಳಾಗಿ ಎದುರಿಗಿರುತ್ತವೆ. ಇನ್ನು en ಬದಲು ನಾಲ್ಕು NH₃ ಇದ್ದರೆ ಜೋಡಿ ಕಟ್ಟುವ ಮಾತೇ ಇಲ್ಲ, ಹಾಗಾಗಿ [Co(NH₃)₄Cl₂]⁺ಗೆ ಒಟ್ಟು ಎರಡೇ.

• ಈ ಎಣಿಕೆಯಿಂದಲೇ ಅಷ್ಟಮುಖಿ ಆಕಾರ ಗೊತ್ತಾದದ್ದು. ಆಲ್ಫ್ರೆಡ್ ವರ್ನರ್ 1893ರಲ್ಲಿ ತನ್ನ ಸಿದ್ಧಾಂತ ಮಂಡಿಸಿದಾಗ ಸಂಕೀರ್ಣದ ಒಳಗನ್ನು ತೋರಿಸುವ ಎಕ್ಸ್-ರೇ ಚಿತ್ರಗಳಿರಲಿಲ್ಲ. ಆರು ಲಿಗ್ಯಾಂಡ್‌ಗಳು ಸಮತಲ ಷಟ್ಕೋನದಲ್ಲಿದ್ದರೆ [Co(NH₃)₄Cl₂]⁺ಗೆ ಮೂರು ರೂಪಗಳಿರಬೇಕು, ತ್ರಿಕೋನ ಪಟ್ಟಕದಲ್ಲಿದ್ದರೂ ಮೂರು, ಅಷ್ಟಮುಖಿಯಾದರೆ ಎರಡು. ಹಸಿರು ರೂಪ ಮೊದಲೇ ಗೊತ್ತಿತ್ತು, ನೇರಳೆ ರೂಪವನ್ನು ಅವನು 1907ರಲ್ಲಿ ತಯಾರಿಸಿದ. ಮೂರನೆಯದು ಸಿಗಲೇ ಇಲ್ಲ. ಸಿಗದಿದ್ದ ಮಾತ್ರಕ್ಕೆ ಇಲ್ಲವೆಂದು ಹೇಳುವುದು ಹೇಗೆ ಎಂಬ ತಕರಾರು ಉಳಿದೇ ಇತ್ತು. 1911ರಲ್ಲಿ ಜ್ಯೂರಿಚ್‌ನ ಅವನ ಪ್ರಯೋಗಾಲಯದಲ್ಲಿ ವಿಕ್ಟರ್ ಕಿಂಗ್ ಎಂಬ ವಿದ್ಯಾರ್ಥಿಯೊಂದಿಗೆ ಸಿಸ್-[Co(en)₂(NH₃)Cl]²⁺ ಅನ್ನು ಕನ್ನಡಿ ಜೋಡಿಗಳಾಗಿ ಬೇರ್ಪಡಿಸಿದ ಮೇಲೆ ಆ ತಕರಾರಿಗೆ ಉತ್ತರ ಸಿಕ್ಕಿತು. 1913ರಲ್ಲಿ ನೊಬೆಲ್ ಬಂತು. 1ರಲ್ಲಿ NH₃, 2ರಲ್ಲಿ Cl ಕೂರಿಸಿ ಮೇಲಿನ ಎಣಿಕೆಯನ್ನು ನೀನೇ ಮಾಡು, ಅದೇ ಎರಡು ಜೋಡಣೆಗಳು ಬರುತ್ತವೆ.

• ಬಣ್ಣದ ಪ್ರಶ್ನೆಯಲ್ಲಿ ಹೀರಿದ ಬಣ್ಣ ಬೇರೆ, ಕಾಣುವ ಬಣ್ಣ ಬೇರೆ. ಲಿಗ್ಯಾಂಡ್‌ಗಳು ಹತ್ತಿರ ಬಂದಾಗ ಲೋಹದ ಐದು d ಆರ್ಬಿಟಲ್‌ಗಳು ಕೆಳಗಿನ ಮೂರು, ಮೇಲಿನ ಎರಡು ಎಂದು ಒಡೆಯುತ್ತವೆ. ನಡುವಿನ ಅಂತರವೇ Δₒ. ಕೆಳಗಿನ ಎಲೆಕ್ಟ್ರಾನ್ ಮೇಲೆ ಹಾರಲು ಬೇಕಾದ ಬೆಳಕನ್ನು ಸಂಕೀರ್ಣ ಹೀರುತ್ತದೆ, ಹೀರದೆ ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಅಂತರ ದೊಡ್ಡದಾದರೆ ಹೀರುವ ಬೆಳಕಿನ ತರಂಗಾಂತರ ಚಿಕ್ಕದು. ಐದು NH₃ಗಳನ್ನು ಹಾಗೇ ಇಟ್ಟು ಆರನೆಯದನ್ನು ಮಾತ್ರ ಬದಲಿಸಿ ನೋಡು. [CoCl(NH₃)₅]²⁺ ಹೀರುವುದು 535 ನ್ಯಾನೋಮೀಟರ್ ಆಸುಪಾಸಿನ ಬೆಳಕು, ಕಾಣುವುದು ನೇರಳೆ. ಕ್ಲೋರೈಡಿನ ಜಾಗಕ್ಕೆ ನೀರು ಬಂದರೆ 500, ಬಣ್ಣ ಕೆಂಪು. ಅಲ್ಲಿಗೂ NH₃ ಬಂದರೆ 475, ಬಣ್ಣ ಹಳದಿ ಮಿಶ್ರಿತ ಕಿತ್ತಳೆ. Cl⁻ಗಿಂತ H₂O, ಅದಕ್ಕಿಂತ NH₃ ಪ್ರಬಲ ಲಿಗ್ಯಾಂಡ್ ಎಂಬ ಸಾಲು ಇಲ್ಲಿ ಬಣ್ಣದಲ್ಲೇ ಕಾಣುತ್ತದೆ. ಆದರೆ ಈ ಹೋಲಿಕೆ ನಡೆಯುವುದು ಲೋಹ, ಅದರ ಉತ್ಕರ್ಷಣ ಸಂಖ್ಯೆ, ಆಕಾರ ಮೂರೂ ಒಂದೇ ಇದ್ದಾಗ ಮಾತ್ರ. Co²⁺ ಸಂಕೀರ್ಣವನ್ನು Co³⁺ ಪಕ್ಕ ನಿಲ್ಲಿಸಿ ಲಿಗ್ಯಾಂಡ್ ಮಾತ್ರ ನೋಡಿದರೆ ಉತ್ತರ ತಪ್ಪುತ್ತದೆ.

• ತರಂಗಾಂತರದಿಂದ Δₒ ಲೆಕ್ಕ ಹಾಕುವಾಗ d ಎಲೆಕ್ಟ್ರಾನ್ ಎಷ್ಟಿವೆ ನೋಡು. [Ti(H₂O)₆]³⁺ನಲ್ಲಿ ಇರುವುದು ಒಂದೇ d ಎಲೆಕ್ಟ್ರಾನ್. 498 ನ್ಯಾನೋಮೀಟರ್‌ನಲ್ಲಿ ಹೀರುತ್ತದೆ. 1,19,600 ಅನ್ನು 498ರಿಂದ ಭಾಗಿಸು, ಮೋಲ್‌ಗೆ ಸುಮಾರು 240 ಕಿಲೋಜೂಲ್, ಅದೇ Δₒ. ಕೋಬಾಲ್ಟ್(III)ರಲ್ಲಿ ಆರು d ಎಲೆಕ್ಟ್ರಾನ್‌ಗಳಿವೆ, ಅವು ಒಂದನ್ನೊಂದು ವಿಕರ್ಷಿಸುತ್ತವೆ. ಹಾಗಾಗಿ ಹೀರಿದ ಬೆಳಕಿನ ಶಕ್ತಿ Δₒಗಿಂತ ಸ್ವಲ್ಪ ಕಡಿಮೆ. [Co(NH₃)₆]³⁺ಗೆ 475 ನ್ಯಾನೋಮೀಟರ್ ಅಂದರೆ ಸುಮಾರು 21,050 cm⁻¹, ಆದರೆ ಅದರ Δₒ ಸುಮಾರು 22,900 cm⁻¹. ಪಿಯುಸಿ ಪ್ರಶ್ನೆಯಲ್ಲಿ ಎರಡನ್ನೂ ಒಂದೇ ಎಂದು ಹಿಡಿದು ಲೆಕ್ಕ ಮಾಡಿಸುತ್ತಾರೆ, ಮಾಡು. ಕ್ರಮ ಹಚ್ಚಲು ಅಷ್ಟು ಸಾಕು. ಮುಂದೆ ಬಿಎಸ್ಸಿಗೆ ಹೋದಾಗ ಅಂಕಿ ಹೊಂದಲಿಲ್ಲವೆಂದು ಗಾಬರಿಯಾಗಬೇಡ.

• ನಮ್ಮ ಸಂಕೀರ್ಣಕ್ಕೆ ವಾಪಸ್ಸು ಬಾ. ಟ್ರಾನ್ಸ್ ರೂಪ ಹಸಿರು, ಸಿಸ್ ರೂಪ ನೇರಳೆ. ಲಿಗ್ಯಾಂಡ್‌ಗಳು ಅವೇ, ಸರಾಸರಿ Δₒ ಕೂಡ ಅದೇ. ಹಾಗಾದರೆ ಬಣ್ಣ ಬೇರೆಯೇಕೆ? ಟ್ರಾನ್ಸ್‌ನಲ್ಲಿ ದುರ್ಬಲ ಕ್ಲೋರೈಡ್‌ಗಳು ಒಂದೇ ಅಕ್ಷದ ಎರಡೂ ತುದಿಯಲ್ಲಿ ಕೂತಿರುವುದರಿಂದ ಆ ಅಕ್ಷದ ಕ್ಷೇತ್ರ ಉಳಿದೆರಡಕ್ಕಿಂತ ತೀರಾ ಸಡಿಲ. ಆರ್ಬಿಟಲ್‌ಗಳ ಮಟ್ಟಗಳು ಮತ್ತೊಮ್ಮೆ ಒಡೆದು, ಹೀರುವಿಕೆಯ ಒಂದು ಪಟ್ಟಿ 620 ನ್ಯಾನೋಮೀಟರ್ ಆಸುಪಾಸಿಗೆ, ಕೆಂಪಿನ ಕಡೆಗೆ ಸರಿಯುತ್ತದೆ. ನೇರಳೆ ತುದಿಯ ಬೆಳಕೂ ಹೀರಿಹೋಗಿ ನಡುವಿನ ಹಸಿರು ಉಳಿಯುತ್ತದೆ. ಸಿಸ್‌ನಲ್ಲಿ ಸಡಿಲತನ ಎರಡು ಅಕ್ಷಗಳಿಗೆ ಹಂಚಿಹೋಗುವುದರಿಂದ ಆ ಒಡಕು ಚಿಕ್ಕದು, ಹೀರುವಿಕೆ ಹಸಿರು-ಹಳದಿಯ ಸುತ್ತಲೇ ಉಳಿಯುತ್ತದೆ. ನೀರಿನಲ್ಲಿ ಮಾಡಿದ ಹಸಿರು ದ್ರಾವಣವನ್ನು ಹಬೆಯ ಮೇಲಿಟ್ಟು ಆವಿಯಾಗಿಸಿದರೆ ನೇರಳೆ ಹರಳು ಸಿಗುತ್ತದೆ. ಅದಕ್ಕೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಆವಿಯಾಗಿಸಿದರೆ ಮತ್ತೆ ಹಸಿರು. ಹಸಿರು ದ್ರಾವಣವನ್ನು ಸುಮ್ಮನೆ ಬಿಟ್ಟರೂ ಬಣ್ಣ ಬದಲಾಗುತ್ತಾ ಹೋಗುತ್ತದೆ, ಏಕೆಂದರೆ ನೀರು ನಿಧಾನವಾಗಿ ಕ್ಲೋರೈಡಿನ ಜಾಗ ಹಿಡಿಯುತ್ತದೆ. ಸಿಲ್ವರ್ ನೈಟ್ರೇಟ್ ಪರೀಕ್ಷೆಗೆ ಹೊಸ ದ್ರಾವಣವೇ ಬೇಕೆಂದು ಮೊದಲೇ ಹೇಳಿದ್ದು ಇದೇ ಕಾರಣಕ್ಕೆ. ಹಳೆಯ ದ್ರಾವಣದಲ್ಲಿ AgCl ಲೆಕ್ಕಕ್ಕಿಂತ ಹೆಚ್ಚು ಬರುತ್ತದೆ.

• Δ ಎಂಬ ಪದ ಬರೆಯುವ ಮೊದಲು d ಎಲೆಕ್ಟ್ರಾನ್ ಹಾರಲು ಸಾಧ್ಯವೇ ಎಂದು ನೋಡು. Sc³⁺ನಲ್ಲಿ ಹಾರಲು ಎಲೆಕ್ಟ್ರಾನೇ ಇಲ್ಲ, Zn²⁺ನಲ್ಲಿ ಹಾರಿ ಕೂರಲು ಜಾಗ ಇಲ್ಲ. ಎರಡೂ ಬಣ್ಣರಹಿತ. ಪರ್ಮಾಂಗನೇಟಿನ ಮ್ಯಾಂಗನೀಸಿನಲ್ಲೂ d ಎಲೆಕ್ಟ್ರಾನ್ ಇಲ್ಲ, ಆದರೂ ಅದು ಕಡು ನೇರಳೆ. ಆ ಬಣ್ಣ ಬರುವುದು ಆಕ್ಸಿಜನ್ನಿನ ಎಲೆಕ್ಟ್ರಾನ್ ಲೋಹದ ಕಡೆಗೆ ಹಾರುವುದರಿಂದ. ಅದಕ್ಕೆ ಸ್ಫಟಿಕ ಕ್ಷೇತ್ರದ ಒಡಕನ್ನು ಕಾರಣವಾಗಿ ಬರೆದರೆ ಅಂಕ ಸಿಗುವುದಿಲ್ಲ.